ಎನ್‌ಪಿಎಸ್ ಏರಿದೆ, ಗ್ರಾಹಕರು ಬೇಸತ್ತಿದ್ದಾರೆ: ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ?

ಬ್ಯಾಂಕು, ವಿಮೆ, ದೂರಸಂಪರ್ಕ ಮುಂತಾದ ವಲಯಗಳ ಕಂಪನಿಗಳು ತ್ರೈಮಾಸಿಕ ಫಲಿತಾಂಶ ಪ್ರಕಟಿಸುವಾಗ ಲಾಭ ಮತ್ತು ವಹಿವಾಟಿನ ಜೊತೆಗೆ ಈಗ ಇನ್ನೊಂದು ಅಂಕಿಯನ್ನೂ ಮುಂದಿಡುತ್ತವೆ. ‘ನಮ್ಮ ಎನ್‌ಪಿಎಸ್ ಈ ಅವಧಿಯಲ್ಲಿ ಇಷ್ಟು ಪಾಯಿಂಟ್ ಏರಿದೆ’ ಎಂಬ ಒಂದು ಸಾಲು ಪತ್ರಿಕಾ ಹೇಳಿಕೆಯಲ್ಲಿರುತ್ತದೆ, ಮರುದಿನ ಅದು ಸುದ್ದಿಯಲ್ಲೂ ಬರುತ್ತದೆ. ಅದೇ ಕಂಪನಿಯ ಸೇವೆ ಹದಗೆಟ್ಟಿದೆಯೆಂದು ದಿನವೂ ದೂರುತ್ತಿರುವ ಗ್ರಾಹಕರಿಗೆ ಈ ಸಾಲು ಅರ್ಥವಾಗುವುದಿಲ್ಲ. ನಮ್ಮಲ್ಲಿ ಎನ್‌ಪಿಎಸ್ ಎಂದೊಡನೆ ಸರ್ಕಾರಿ ನೌಕರರ ಪಿಂಚಣಿ ಯೋಜನೆ ನೆನಪಾಗುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಇಲ್ಲಿ ಹೇಳುತ್ತಿರುವುದು ನೆಟ್ ಪ್ರೊಮೋಟರ್ ಸ್ಕೋರ್ ಎಂಬ ಬೇರೆಯೇ ಎನ್‌ಪಿಎಸ್ ಕುರಿತು. ಅಂಕಿ ಏರಿರುವುದೂ ಗ್ರಾಹಕರು ಬೇಸತ್ತಿರುವುದೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯವಿದೆ, ಮತ್ತು ಅದಕ್ಕೆ ಯಾರೂ ಸುಳ್ಳು ಹೇಳಿರಬೇಕಾಗಿಲ್ಲ. ಅದು ಹೇಗೆಂದು ತಿಳಿಯಲು ಆ ಅಂಕಿಯನ್ನು ಬಿಡಿಸಿ ನೋಡಬೇಕು.

ಸ್ಕೋರ್ ಹುಟ್ಟುವ ಬಗೆ

ಈ ಅಳತೆಯನ್ನು ಬೇನ್ ಸಲಹಾ ಸಂಸ್ಥೆಯ ಫ್ರೆಡ್ ರೈಕೆಲ್ಡ್ ಅವರು 2003ರ ಡಿಸೆಂಬರ್‌ನಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯ ಲೇಖನವೊಂದರಲ್ಲಿ ಮುಂದಿಟ್ಟರು. ‘ನಮ್ಮ ಕಂಪನಿಯನ್ನು ನಿಮ್ಮ ಸ್ನೇಹಿತರಿಗೆ ಅಥವಾ ಸಹೋದ್ಯೋಗಿಗೆ ಶಿಫಾರಸು ಮಾಡುವ ಸಾಧ್ಯತೆ ಎಷ್ಟು?’ ಎಂಬ ಒಂದೇ ಪ್ರಶ್ನೆಗೆ ಗ್ರಾಹಕರು 0ಯಿಂದ 10ರೊಳಗೆ ಒಂದು ಅಂಕ ಕೊಡುತ್ತಾರೆ. 9 ಅಥವಾ 10 ಕೊಟ್ಟವರು ಶಿಫಾರಸುದಾರರು, 7 ಅಥವಾ 8 ಕೊಟ್ಟವರು ತಟಸ್ಥರು, 0ಯಿಂದ 6ರವರೆಗೆ ಕೊಟ್ಟವರು ಅತೃಪ್ತರು. ಶಿಫಾರಸುದಾರರ ಶೇಕಡಾವಾರಿನಿಂದ ಅತೃಪ್ತರ ಶೇಕಡಾವಾರನ್ನು ಕಳೆದರೆ ಉಳಿಯುವುದೇ ಸ್ಕೋರ್. ಎಲ್ಲರೂ ಅತೃಪ್ತರಾದರೆ ಅದು ಮೈನಸ್ 100, ಎಲ್ಲರೂ ಶಿಫಾರಸುದಾರರಾದರೆ ಪ್ಲಸ್ 100.

ಹೀಗೆ ಕಳೆಯುವಾಗಲೇ ಬಹಳಷ್ಟು ಮಾಹಿತಿ ಕಳೆದುಹೋಗುತ್ತದೆ. ಒಂದು ಕಂಪನಿಯಲ್ಲಿ ಶೇ 20 ಶಿಫಾರಸುದಾರರು, ಶೇ 80 ತಟಸ್ಥರು ಇದ್ದು ಅತೃಪ್ತರೇ ಇಲ್ಲವೆಂದುಕೊಳ್ಳಿ. ಇನ್ನೊಂದರಲ್ಲಿ ಶೇ 60 ಶಿಫಾರಸುದಾರರು, ಶೇ 40 ಅತೃಪ್ತರು. ಎರಡರ ಸ್ಕೋರೂ 20. ಮೊದಲನೆಯದು ಯಾರಿಗೂ ನೋವು ಮಾಡದ, ಯಾರನ್ನೂ ಹೆಚ್ಚು ಸೆಳೆಯದ ಸೇವೆ. ಎರಡನೆಯದರಲ್ಲಿ ಐದು ಗ್ರಾಹಕರಲ್ಲಿ ಇಬ್ಬರು ಸಿಟ್ಟಾಗಿದ್ದಾರೆ. ಎರಡಕ್ಕೂ ಬೇಕಾದ ಪರಿಹಾರ ಬೇರೆ ಬೇರೆ, ಆದರೆ ಪತ್ರಿಕಾ ಹೇಳಿಕೆಯಲ್ಲಿ ಕಾಣುವ ಅಂಕಿ ಒಂದೇ.

ಅಂಕದ ನಂತರ ‘ಈ ಅಂಕ ಏಕೆ ಕೊಟ್ಟಿರಿ?’ ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವುದು ವಾಡಿಕೆ. ಉತ್ತರವನ್ನು ಗ್ರಾಹಕರು ತಮ್ಮದೇ ಮಾತಿನಲ್ಲಿ ಬರೆಯುತ್ತಾರೆ. ಪ್ರಕಟಣೆಗೆ ಹೋಗುವುದು ಮೊದಲನೆಯ ಪ್ರಶ್ನೆಯ ಉತ್ತರ, ಕೆಲಸಕ್ಕೆ ಬರುವುದು ಹೆಚ್ಚಾಗಿ ಎರಡನೆಯದರ ಉತ್ತರ.

ಪರ ಮತ್ತು ವಿರೋಧ

ಸಮರ್ಥಕರ ವಾದ ಸರಳವಾಗಿದೆ. ಉದ್ದನೆಯ ಸಮೀಕ್ಷೆಗಳನ್ನು ಗ್ರಾಹಕರು ಪೂರ್ತಿ ಮಾಡುವುದಿಲ್ಲ, ಮಾಡಿದರೂ ಮೇಲಧಿಕಾರಿಗಳು ಓದುವುದಿಲ್ಲ. ಒಂದು ಪ್ರಶ್ನೆ, ಒಂದು ಅಂಕಿ ಇದ್ದರೆ ಅಂಗಡಿಯ ಸಿಬ್ಬಂದಿಯಿಂದ ನಿರ್ದೇಶಕ ಮಂಡಳಿಯವರೆಗೆ ಎಲ್ಲರೂ ಒಂದೇ ವಿಷಯವನ್ನು ಮಾತನಾಡಬಹುದು. ಈ ವಾದದಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಲಾಗದು.

ಆದರೆ ಕಂಪನಿಯ ಬೆಳವಣಿಗೆಯನ್ನು ಮುಂಚಿತವಾಗಿ ಸೂಚಿಸುವಲ್ಲಿ ಇದಕ್ಕಿಂತ ಉತ್ತಮ ಅಳತೆಯಿಲ್ಲ ಎಂಬ ಆರಂಭದ ಹೇಳಿಕೆ ಗಟ್ಟಿಯಾಗಿ ನಿಲ್ಲಲಿಲ್ಲ. ಟಿಮೊಥಿ ಕೀನಿಂಗ್‌ಹ್ಯಾಮ್ ಮತ್ತು ಸಂಗಡಿಗರು 2007ರಲ್ಲಿ ಜರ್ನಲ್ ಆಫ್ ಮಾರ್ಕೆಟಿಂಗ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ಗ್ರಾಹಕ ತೃಪ್ತಿ ಸೂಚ್ಯಂಕಗಳಿಗಿಂತ ಎನ್‌ಪಿಎಸ್ ಮೇಲೆಂಬುದಕ್ಕೆ ಆಧಾರ ಸಿಗಲಿಲ್ಲ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಅನುಭವವೂ ಗಮನಾರ್ಹವಾದದ್ದು. 2013ರಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಇದೇ ಮಾದರಿಯ ಪ್ರಶ್ನೆ ಕೇಳಿ, ಇದೇ ರೀತಿ ಕಳೆದು ಸ್ಕೋರ್ ಕೊಡುವುದನ್ನು ಆರಂಭಿಸಿದರು. ಮರುವರ್ಷವೇ ಆ ಲೆಕ್ಕವನ್ನು ಬಿಟ್ಟು, ಶಿಫಾರಸು ಮಾಡುವೆ ಎಂದವರು ಶೇಕಡಾ ಎಷ್ಟು, ಮಾಡೆನೆಂದವರು ಎಷ್ಟು ಎಂದು ಬಿಡಿಬಿಡಿಯಾಗಿ ಪ್ರಕಟಿಸತೊಡಗಿದರು. 2020ರಲ್ಲಿ ಶಿಫಾರಸಿನ ಪ್ರಶ್ನೆಯನ್ನೇ ಕೈಬಿಟ್ಟು, ಒಟ್ಟಾರೆ ಅನುಭವ ಹೇಗಿತ್ತೆಂದು ಕೇಳುವ ಪ್ರಶ್ನೆ ತಂದರು. ಹೃದಯ ಶಸ್ತ್ರಚಿಕಿತ್ಸೆಯ ವಾರ್ಡನ್ನು ಸ್ನೇಹಿತರಿಗೆ ಶಿಫಾರಸು ಮಾಡುವಿರಾ ಎಂಬ ಪ್ರಶ್ನೆ ಎಷ್ಟೋ ರೋಗಿಗಳಿಗೆ ಅರ್ಥಹೀನವಾಗಿ ತೋರುವುದು ಸಹಜ.

ಈ ಚರ್ಚೆಯಲ್ಲಿ ಯಾವ ಪಕ್ಷ ಗೆದ್ದಿತು ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ: ಸ್ಕೋರ್ ಬದಲಾದಾಗ ಅದಕ್ಕೆ ಕಾರಣ ಗ್ರಾಹಕರ ಮನಸ್ಸು ಬದಲಾದದ್ದೋ, ಉತ್ತರಿಸಿದ ಗ್ರಾಹಕರೇ ಬದಲಾದದ್ದೋ?

ಎರಡೂ ಗುಂಪಿನಲ್ಲಿ ಇಳಿಕೆ, ಒಟ್ಟಿನಲ್ಲಿ ಏರಿಕೆ

ಇದನ್ನು ಒಂದು ಕಲ್ಪಿತ ಬ್ರಾಡ್‌ಬ್ಯಾಂಡ್ ಕಂಪನಿಯ ಲೆಕ್ಕದ ಮೂಲಕ ನೋಡೋಣ. ಕಂಪನಿ ಎಸ್‌ಎಂಎಸ್ ಮೂಲಕ ಸಮೀಕ್ಷೆ ನಡೆಸುತ್ತದೆ. ಸಂಪರ್ಕ ಪಡೆದು ಒಂದು ವರ್ಷ ತುಂಬದವರನ್ನು ಹೊಸ ಗ್ರಾಹಕರೆಂದೂ ಉಳಿದವರನ್ನು ಹಳೆಯ ಗ್ರಾಹಕರೆಂದೂ ಕರೆಯೋಣ.

ಮೊದಲ ತ್ರೈಮಾಸಿಕದಲ್ಲಿ ಉತ್ತರಿಸಿದವರು 1000 ಮಂದಿ. ಅವರಲ್ಲಿ 500 ಹೊಸಬರು: 300 ಶಿಫಾರಸುದಾರರು, 150 ತಟಸ್ಥರು, 50 ಅತೃಪ್ತರು. ಅವರ ಸ್ಕೋರ್ 50. ಉಳಿದ 500 ಹಳಬರಲ್ಲಿ 190 ಶಿಫಾರಸುದಾರರು, 170 ತಟಸ್ಥರು, 140 ಅತೃಪ್ತರು. ಅವರ ಸ್ಕೋರ್ 10. ಎಲ್ಲರನ್ನೂ ಕೂಡಿಸಿದರೆ 490 ಶಿಫಾರಸುದಾರರು, 190 ಅತೃಪ್ತರು. ಒಟ್ಟು ಸ್ಕೋರ್ 30.

ಎರಡನೆಯ ತ್ರೈಮಾಸಿಕದಲ್ಲಿ ದಸರಾ ಕೊಡುಗೆಯಿಂದ ಹೊಸ ಸಂಪರ್ಕಗಳು ಹೆಚ್ಚಾದವು. ಈ ಬಾರಿಯೂ ಉತ್ತರಿಸಿದವರು 1000 ಮಂದಿ, ಆದರೆ ಅವರಲ್ಲಿ 800 ಹೊಸಬರು, 200 ಹಳಬರು. ಹೊಸಬರಲ್ಲಿ 456 ಶಿಫಾರಸುದಾರರು, 96 ಅತೃಪ್ತರು. ಸ್ಕೋರ್ 50ರಿಂದ 45ಕ್ಕೆ ಇಳಿದಿದೆ. ಹಳಬರಲ್ಲಿ 64 ಶಿಫಾರಸುದಾರರು, 64 ಅತೃಪ್ತರು. ಸ್ಕೋರ್ 10ರಿಂದ 0ಗೆ ಇಳಿದಿದೆ. ಆದರೂ ಒಟ್ಟು ಲೆಕ್ಕದಲ್ಲಿ 520 ಶಿಫಾರಸುದಾರರು, 160 ಅತೃಪ್ತರು. ಒಟ್ಟು ಸ್ಕೋರ್ 36. ಪ್ರಕಟಣೆಯಲ್ಲಿ ‘6 ಪಾಯಿಂಟ್ ಏರಿಕೆ’ ಎಂದೇ ಬರುತ್ತದೆ, ಮತ್ತು ಆ ವಾಕ್ಯ ಲೆಕ್ಕದ ಪ್ರಕಾರ ಸರಿಯಾಗಿಯೇ ಇದೆ.

ಇಲ್ಲಿ ನಡೆದದ್ದೇನು? ಹೊಸ ಗ್ರಾಹಕರು ಸಾಮಾನ್ಯವಾಗಿ ಹೆಚ್ಚು ಅಂಕ ಕೊಡುತ್ತಾರೆ. ಅವರಿಗೆ ಕೊಡುಗೆಯ ದರ ಸಿಕ್ಕಿರುತ್ತದೆ, ಸಂಪರ್ಕ ಈಗಷ್ಟೇ ಬಂದಿರುತ್ತದೆ, ಮೊದಲ ದುರಸ್ತಿಯ ಅನುಭವ ಇನ್ನೂ ಆಗಿರುವುದಿಲ್ಲ. ಉತ್ತರಿಸಿದವರಲ್ಲಿ ಅವರ ಪಾಲು ಅರ್ಧದಿಂದ ಐದರಲ್ಲಿ ನಾಲ್ಕಕ್ಕೆ ಏರಿತು. ಹೆಚ್ಚು ಅಂಕದ ಗುಂಪಿನ ತೂಕ ಹೆಚ್ಚಾದದ್ದರಿಂದ ಸರಾಸರಿ ಮೇಲೇರಿತು, ಎರಡೂ ಗುಂಪುಗಳಲ್ಲಿ ಆದ ಇಳಿಕೆ ಅದರಡಿ ಮುಚ್ಚಿಹೋಯಿತು. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ.

ಇದನ್ನು ಸರಿಪಡಿಸುವ ಲೆಕ್ಕ ಕಷ್ಟವೇನಲ್ಲ. ಉತ್ತರಿಸಿದವರಲ್ಲಿ ಯಾರು ಎಷ್ಟಿದ್ದಾರೆ ಎಂಬುದನ್ನು ಬಿಟ್ಟು, ಕಂಪನಿಯ ನಿಜವಾದ ಗ್ರಾಹಕರಲ್ಲಿ ಯಾರು ಎಷ್ಟಿದ್ದಾರೆ ಎಂಬುದರ ಪ್ರಕಾರ ತೂಕ ಕೊಡಬೇಕು. ಈ ಕಂಪನಿಯ ಗ್ರಾಹಕರಲ್ಲಿ ಶೇ 30 ಹೊಸಬರು, ಶೇ 70 ಹಳಬರು ಎಂದುಕೊಂಡರೆ, ಮೊದಲ ತ್ರೈಮಾಸಿಕದ ಸ್ಕೋರ್ 50ರ ಶೇ 30 ಮತ್ತು 10ರ ಶೇ 70 ಸೇರಿ 22 ಆಗುತ್ತದೆ. ಎರಡನೆಯದರಲ್ಲಿ 45ರ ಶೇ 30 ಮತ್ತು 0ಯ ಶೇ 70 ಸೇರಿ 13.5. ಪ್ರಕಟವಾದ 6 ಪಾಯಿಂಟ್ ಏರಿಕೆಯ ಜಾಗದಲ್ಲಿ 8.5 ಪಾಯಿಂಟ್ ಇಳಿಕೆ ಕಾಣುತ್ತದೆ.

ಉತ್ತರಿಸದೆ ಉಳಿದವರು

ಹಳೆಯ ಗ್ರಾಹಕರ ಉತ್ತರ 500ರಿಂದ 200ಕ್ಕೆ ಇಳಿದದ್ದು ಏಕೆ ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಇದಕ್ಕೆ ಉತ್ತರ ಸಮೀಕ್ಷೆಯ ಫಲಿತಾಂಶದಲ್ಲಿ ಸಿಗುವುದಿಲ್ಲ, ಎಷ್ಟು ಮಂದಿಗೆ ಎಸ್‌ಎಂಎಸ್ ಹೋಗಿತ್ತು ಎಂಬ ಪಟ್ಟಿಯಲ್ಲಿ ಸಿಗುತ್ತದೆ. ಎರಡೂ ಅವಧಿಗಳಲ್ಲಿ 5000 ಹಳೆಯ ಗ್ರಾಹಕರಿಗೆ ಎಸ್‌ಎಂಎಸ್ ಹೋಗಿತ್ತೆಂದುಕೊಳ್ಳಿ. ಮೊದಲು ಶೇ 10 ಮಂದಿ ಉತ್ತರಿಸಿದ್ದರು, ಈಗ ಶೇ 4. ಹೊಸಬರಲ್ಲಿ ಮೊದಲು 2500 ಮಂದಿಗೆ, ಈಗ 4000 ಮಂದಿಗೆ ಹೋಗಿದ್ದು, ಎರಡೂ ಬಾರಿ ಉತ್ತರಿಸಿದವರು ಶೇ 20. ಒಂದು ಗುಂಪಿನಲ್ಲಿ ಮಾತ್ರ ಪ್ರತಿಕ್ರಿಯೆ ಹೀಗೆ ಕುಸಿದಿದ್ದರೆ ಅದನ್ನು ತಾಂತ್ರಿಕ ವಿವರವೆಂದು ಬದಿಗಿಡಬಾರದು. ಸಂದೇಶ ತಲುಪಿರಲಿಕ್ಕಿಲ್ಲ ಎಂಬ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು. ತಲುಪಿಯೂ ಉತ್ತರ ಬಂದಿಲ್ಲವಾದರೆ, ಹಿಂದೆ ಬರೆದ ದೂರಿಗೆ ಏನೂ ಆಗದಿದ್ದುದರಿಂದ ಜನ ಬರೆಯುವುದನ್ನೇ ಬಿಟ್ಟಿದ್ದಾರೆಯೇ ಎಂದು ಕೇಳಬೇಕು. ಹಾಗೆ ಬಿಟ್ಟವರು ಯಾವ ಸ್ಕೋರಿನಲ್ಲೂ ಕಾಣುವುದಿಲ್ಲ. ಅವರ ಸುಳಿವು ಸಿಗುವುದು ಮರು ರೀಚಾರ್ಜ್ ಮಾಡದವರ ಮತ್ತು ಸಂಪರ್ಕ ಕಡಿತ ಕೋರಿದವರ ಪಟ್ಟಿಯಲ್ಲಿ.

ಏರಿಳಿತವನ್ನು ಎಷ್ಟು ನಂಬಬಹುದು

ಇಲ್ಲಿಯವರೆಗಿನ ಲೆಕ್ಕ ನೋಡಿ ಹಳೆಯ ಗ್ರಾಹಕರ ತೃಪ್ತಿ ಕುಸಿದಿರುವುದು ಸಾಬೀತಾಯಿತು ಎಂದು ತೀರ್ಮಾನಿಸುವುದೂ ಆತುರವಾಗುತ್ತದೆ. ಎನ್‌ಪಿಎಸ್ ಎರಡು ಶೇಕಡಾವಾರುಗಳ ವ್ಯತ್ಯಾಸವಾದ್ದರಿಂದ, ಸರಳ ಶೇಕಡಾವಾರಿಗಿಂತ ಹೆಚ್ಚು ಅಲುಗಾಡುತ್ತದೆ. ಅದರ ದೋಷದ ಅಂತರವನ್ನು ಹೀಗೆ ಲೆಕ್ಕ ಹಾಕುತ್ತಾರೆ: ಶಿಫಾರಸುದಾರರ ಮತ್ತು ಅತೃಪ್ತರ ಪಾಲನ್ನು ದಶಮಾಂಶದಲ್ಲಿ ಬರೆದು ಕೂಡಿಸಿ, ಅದರಿಂದ ದಶಮಾಂಶದಲ್ಲೇ ಬರೆದ ಸ್ಕೋರಿನ ವರ್ಗವನ್ನು ಕಳೆದು, ಉತ್ತರಿಸಿದವರ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆದು, ಸುಮಾರು ಎರಡರಿಂದ ಗುಣಿಸಬೇಕು.

ಎರಡನೆಯ ತ್ರೈಮಾಸಿಕದ ಹಳಬರಿಗೆ ಇದನ್ನು ಅನ್ವಯಿಸಿದರೆ, 0.32 ಮತ್ತು 0.32 ಕೂಡಿ 0.64, ಅದನ್ನು 200ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.057, ಅದರ ಎರಡರಷ್ಟು ಸುಮಾರು 0.11, ಅಂದರೆ 11 ಪಾಯಿಂಟ್. ಅಂದರೆ ಆ ಗುಂಪಿನ ಸ್ಕೋರ್ 0 ಎಂಬುದು ನಿಜದಲ್ಲಿ ಮೈನಸ್ 11ರಿಂದ ಪ್ಲಸ್ 11ರ ನಡುವೆ ಎಲ್ಲಾದರೂ ಇರಬಹುದು. ಎರಡು ಅವಧಿಗಳ ದೋಷದ ಅಂತರಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ, ಹಳಬರ 10 ಪಾಯಿಂಟ್ ಇಳಿಕೆಗೆ ಸುಮಾರು 13 ಪಾಯಿಂಟ್ ದೋಷದ ಅಂತರವಿದೆ. ಅಂದರೆ ಆ ಇಳಿಕೆ ಕೇವಲ ಆಕಸ್ಮಿಕವಾಗಿರುವ ಸಾಧ್ಯತೆಯನ್ನು ಅಂಕಿಯೊಂದರಿಂದಲೇ ತಳ್ಳಿಹಾಕಲಾಗದು. ಆದರೆ ಇದೇ ಮಾತು ಪ್ರಕಟವಾದ ಏರಿಕೆಗೂ ಅನ್ವಯಿಸುತ್ತದೆ. 1000 ಮಂದಿ ಉತ್ತರಿಸಿದ್ದರೂ ಆ 6 ಪಾಯಿಂಟ್ ಏರಿಕೆಗೆ ಸುಮಾರು 6.6 ಪಾಯಿಂಟ್ ದೋಷದ ಅಂತರವಿದೆ. ಪತ್ರಿಕಾ ಹೇಳಿಕೆಯ ಏರಿಕೆಯೂ ಖಚಿತವಲ್ಲ.

ಒಂದೆರಡು ಪಾಯಿಂಟ್ ಏರಿಳಿತಕ್ಕೆ ಕಾರಣ ಹುಡುಕಿ ಸಭೆ ನಡೆಸುವ ಕಂಪನಿಗಳು, ಬಹುಪಾಲು ಸಂದರ್ಭಗಳಲ್ಲಿ, ಇಲ್ಲದ ಕಾರಣವನ್ನು ಹುಡುಕುತ್ತಿರುತ್ತವೆ. ಗುಂಪುಗಳನ್ನು ಊರು, ಯೋಜನೆ, ವಯಸ್ಸು ಎಂದು ಮತ್ತಷ್ಟು ಒಡೆದರೆ ಪ್ರತಿ ಗುಂಪಿನಲ್ಲಿ ಮೂವತ್ತು ನಲವತ್ತು ಮಂದಿಯಷ್ಟೇ ಉಳಿಯುತ್ತಾರೆ. ಆಗ ಸ್ಕೋರ್ ಮೂವತ್ತು ಪಾಯಿಂಟ್ ಜಿಗಿದರೂ ಅದರಿಂದ ಏನನ್ನೂ ಹೇಳಲಾಗುವುದಿಲ್ಲ. ಆದ್ದರಿಂದ ಯಾವ ಗುಂಪುಗಳನ್ನು ಹೋಲಿಸಬೇಕೆಂದು ಫಲಿತಾಂಶ ನೋಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು, ಮತ್ತು ಅಂಕಿ ಸಾಲದಿರುವ ಕಡೆ ಬೇರೆ ಸಾಕ್ಷ್ಯವನ್ನು ನೋಡಬೇಕು. ಗ್ರಾಹಕರ ಅನಿಸಿಕೆಗಳಿಗೆ ಇಲ್ಲಿ ಕೆಲಸವಿದೆ.

ಅನಿಸಿಕೆಗಳನ್ನು ಓದುವ ಕ್ರಮ

ಅನಿಸಿಕೆಗಳನ್ನು ಬಳಸುವ ತಪ್ಪು ಕ್ರಮವೆಂದರೆ ಮನಮುಟ್ಟುವ ನಾಲ್ಕು ಮಾತುಗಳನ್ನು ಆರಿಸಿ ಸ್ಲೈಡಿನಲ್ಲಿ ಹಾಕುವುದು, ಅಥವಾ ಹೆಚ್ಚು ಬಾರಿ ಬಂದ ಪದಗಳನ್ನು ದಪ್ಪಕ್ಷರದಲ್ಲಿ ತೋರಿಸುವುದು. ಸರಿಯಾದ ಕ್ರಮ ನಿಧಾನದ್ದು. ಮೊದಲು ನೂರೈವತ್ತು ಇನ್ನೂರು ಅನಿಸಿಕೆಗಳನ್ನು ಅಂಕ ಮರೆಮಾಡಿ ಓದಬೇಕು, ಏಕೆಂದರೆ 3 ಎಂಬ ಅಂಕ ಕಣ್ಣಿಗೆ ಬಿದ್ದರೆ ಸಾಮಾನ್ಯ ಮಾತೂ ದೂರಿನಂತೆ ಕೇಳಿಸುತ್ತದೆ. ಆ ಓದಿನಿಂದ ಹತ್ತು ಹನ್ನೆರಡು ವಿಷಯಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಯಾವುದು ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಒಂದೆರಡು ಸಾಲು ಬರೆದಿಡಬೇಕು. ನಂತರ ಇಬ್ಬರು ಬೇರೆ ಬೇರೆಯಾಗಿ ಅದೇ ಅನಿಸಿಕೆಗಳನ್ನು ಈ ಪಟ್ಟಿಯ ಪ್ರಕಾರ ಗುರುತಿಸಬೇಕು. ಇಬ್ಬರ ಗುರುತು ಹೊಂದದಿರುವ ಕಡೆ ಪಟ್ಟಿಯ ವಿವರಣೆಯೇ ಅಸ್ಪಷ್ಟವಾಗಿದೆ ಎಂದರ್ಥ. ಅದನ್ನು ತಿದ್ದಿ ಮತ್ತೆ ಗುರುತಿಸಬೇಕು.

ನಮ್ಮ ಉದಾಹರಣೆಯಲ್ಲಿ ‘ದುರಸ್ತಿ’ ಎಂಬ ಒಂದೇ ವಿಷಯವಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ‘ಲೈನ್‌ಮ್ಯಾನ್ ಎರಡು ದಿನ ತಡವಾಗಿ ಬಂದ’ ಎಂಬುದೂ ‘ಯಾರೂ ಬರಲಿಲ್ಲ, ಆದರೆ ಕಂಪ್ಲೇಂಟ್ ಕ್ಲೋಸ್ ಆಗಿದೆ ಅಂತ ಮೆಸೇಜ್ ಬಂತು’ ಎಂಬುದೂ ಅದರಡಿ ಸೇರಿಬಿಡುತ್ತವೆ. ಮೊದಲನೆಯದು ಸಿಬ್ಬಂದಿಯ ಕೊರತೆ. ಎರಡನೆಯದು ದುರಸ್ತಿಯಾಗದೆಯೇ ದೂರನ್ನು ಮುಗಿಸಿ ಗುರಿ ತಲುಪಿದಂತೆ ತೋರಿಸುವ ಅಭ್ಯಾಸ. ಎರಡನ್ನೂ ಬೇರ್ಪಡಿಸಿ ಎಣಿಸಿದಾಗ ಈ ಚಿತ್ರ ಬಂತೆಂದುಕೊಳ್ಳಿ: ಮೊದಲ ತ್ರೈಮಾಸಿಕದಲ್ಲಿ ಅನಿಸಿಕೆ ಬರೆದ 90 ಅತೃಪ್ತ ಹಳೆಯ ಗ್ರಾಹಕರಲ್ಲಿ 18 ಮಂದಿ, ಅಂದರೆ ಐವರಲ್ಲೊಬ್ಬರು, ‘ಸರಿಯಾಗದೆ ಕ್ಲೋಸ್’ ದೂರನ್ನು ಹೇಳಿದ್ದರು. ಎರಡನೆಯದರಲ್ಲಿ ಬರೆದ 50 ಮಂದಿಯಲ್ಲಿ 27, ಅಂದರೆ ಅರ್ಧಕ್ಕಿಂತ ಹೆಚ್ಚು. ಸ್ಕೋರಿನ ಇಳಿಕೆ ದೋಷದ ಅಂತರದೊಳಗೇ ಇತ್ತು, ಈ ಏರಿಕೆ ಹಾಗಿಲ್ಲ, ಆಕಸ್ಮಿಕವೆನ್ನಲಾಗದಷ್ಟು ದೊಡ್ಡದಿದೆ. ಇದೇ ದೂರು 7, 8 ಕೊಟ್ಟ ತಟಸ್ಥರ ಮಾತಿನಲ್ಲೂ ಕಾಣಿಸಿಕೊಂಡರೆ ಎಚ್ಚರ ಇನ್ನೂ ಹೆಚ್ಚಬೇಕು. ಸ್ಕೋರಿನ ಕಳೆಯುವ ಲೆಕ್ಕದಲ್ಲಿ ಯಾವ ಕಡೆಯೂ ಕಾಣಿಸದ ಈ ತಟಸ್ಥರು ಕಂಪನಿಯನ್ನು ತೊರೆಯುವ ಮೊದಲು ಕಾರಣವನ್ನು ಸಮಾಧಾನವಾಗಿ ಬರೆಯುವ ಜನ.

ಎಣಿಕೆಯಲ್ಲಿ ಒಂದು ಬಲೆಯೂ ಇದೆ. ‘ದರ ಜಾಸ್ತಿ’ ಎಂಬುದು ಹೆಚ್ಚುಕಡಿಮೆ ಪ್ರತಿ ಸಮೀಕ್ಷೆಯಲ್ಲೂ ಮೇಲ್ಪಂಕ್ತಿಯಲ್ಲಿರುತ್ತದೆ. ಆದರೆ 9, 10 ಕೊಟ್ಟವರೂ ಅಷ್ಟೇ ಪ್ರಮಾಣದಲ್ಲಿ ದರದ ಬಗ್ಗೆ ಬರೆದಿದ್ದರೆ, ತೃಪ್ತರನ್ನು ಅತೃಪ್ತರಿಂದ ಬೇರ್ಪಡಿಸುವುದು ದರವಲ್ಲ. ಯಾವ ವಿಷಯ ಎಷ್ಟು ಬಾರಿ ಬಂತು ಎಂದಷ್ಟೇ ನೋಡದೆ, ಅದು ಅತೃಪ್ತರಲ್ಲಿ ಎಷ್ಟು ಹೆಚ್ಚಾಗಿ ಬಂತು ಎಂದು ನೋಡಬೇಕು. ಕೊನೆಗೆ ಅನಿಸಿಕೆ ಸುಳಿವು ಮಾತ್ರ. ‘ಸರಿಯಾಗದೆ ಕ್ಲೋಸ್’ ನಿಜವಾಗಿದ್ದರೆ ಕಂಪನಿಯ ದೂರು ದಾಖಲೆಯಲ್ಲಿ ಅದರ ಗುರುತು ಇರಲೇಬೇಕು: ಮುಗಿದಿದೆಯೆಂದು ತೋರಿಸಿದ ದೂರುಗಳಲ್ಲಿ ಒಂದು ವಾರದೊಳಗೆ ಅದೇ ಮನೆಯಿಂದ ಮತ್ತೆ ಬಂದವು ಎಷ್ಟು? ಆ ಪ್ರಮಾಣ ಏರಿದ್ದರೆ, ಮತ್ತು ದುರಸ್ತಿಯನ್ನು ಹೊರಗುತ್ತಿಗೆಗೆ ಕೊಟ್ಟ ಊರುಗಳಲ್ಲೇ ಏರಿದ್ದರೆ, ಕಾರಣ ಕೈಗೆ ಸಿಕ್ಕಂತೆ.

6 ಅಂಕವೂ ‘ಪರವಾಗಿಲ್ಲ’ ಎಂಬ ಮಾತೂ

ಕನ್ನಡದ ಗ್ರಾಹಕರ ಉತ್ತರಗಳನ್ನು ಓದುವಾಗ ಇನ್ನೂ ಎರಡು ತೊಡಕುಗಳಿವೆ. ನೂರಕ್ಕೆ ಅರವತ್ತು ಬಂದರೆ ಫಸ್ಟ್ ಕ್ಲಾಸ್ ಎಂದು ಶಾಲೆಯಿಂದಲೇ ಕಲಿತವರು ಹತ್ತಕ್ಕೆ ಆರು ಕೊಟ್ಟು, ಒಳ್ಳೆಯ ಅಂಕವನ್ನೇ ಕೊಟ್ಟೆವೆಂದು ಭಾವಿಸಬಹುದು. ಎನ್‌ಪಿಎಸ್ ಲೆಕ್ಕದಲ್ಲಿ ಅವರು 0 ಕೊಟ್ಟವರ ಜೊತೆಗೇ ಸೇರುತ್ತಾರೆ. ಹಾಗಾಗಿ ಬೇರೆ ಬೇರೆ ದೇಶಗಳ ಅಥವಾ ಭಾಷೆಗಳ ಗ್ರಾಹಕರ ಸ್ಕೋರನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಒಂದೇ ಗುಂಪನ್ನು ಅದರದೇ ಹಿಂದಿನ ಅವಧಿಯೊಂದಿಗೆ ಹೋಲಿಸುವುದು ಕ್ಷೇಮ.

ಎರಡನೆಯದು ಮಾತಿನ ತೊಡಕು. ‘ಪರವಾಗಿಲ್ಲ’ ಎಂಬ ಒಂದು ಪದದ ಅನಿಸಿಕೆ 5ರ ಜೊತೆಗೂ ಬರುತ್ತದೆ, 9ರ ಜೊತೆಗೂ ಬರುತ್ತದೆ. ಒಬ್ಬರಿಗೆ ಅದು ಮೆಚ್ಚುಗೆ, ಇನ್ನೊಬ್ಬರಿಗೆ ಸಹಿಸಿಕೊಂಡಿದ್ದೇನೆ ಎಂಬರ್ಥ. ಹಲವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೇ ಪದವನ್ನು ನಾಲ್ಕು ಬಗೆಯ ಕಾಗುಣಿತದಲ್ಲಿ ಬರೆಯುತ್ತಾರೆ. ಇಂಗ್ಲಿಷಿಗಾಗಿ ಸಿದ್ಧಪಡಿಸಿದ ತಂತ್ರಾಂಶ ಇಂಥವನ್ನು ‘ಇತರೆ’ ಎಂಬ ಬುಟ್ಟಿಗೆ ಹಾಕಿಬಿಟ್ಟರೆ, ಜಿಲ್ಲೆಗಳ ಗ್ರಾಹಕರ ದೂರು ವರದಿಯಿಂದಲೇ ಮಾಯವಾಗುತ್ತದೆ, ಬೆಂಗಳೂರಿನ ಇಂಗ್ಲಿಷ್ ಅನಿಸಿಕೆಗಳೇ ಇಡೀ ರಾಜ್ಯದ ಮಾತಾಗುತ್ತವೆ. ‘ಇತರೆ’ ಬುಟ್ಟಿಯ ಗಾತ್ರವನ್ನು ಭಾಷೆವಾರು ನೋಡಿದರೆ ಈ ಅನ್ಯಾಯ ತಕ್ಷಣ ಗೊತ್ತಾಗುತ್ತದೆ. ಅಂಥ ಅನಿಸಿಕೆಗಳನ್ನು ಕನ್ನಡ ಬಲ್ಲವರೇ ಕೂತು ಓದಬೇಕು.

ಮುಂದೇನಾಗುತ್ತದೆ

ಸ್ಕೋರನ್ನು ಸಿಬ್ಬಂದಿಯ ಬೋನಸ್ಸಿಗೆ ಕಟ್ಟಿಹಾಕಿದ ಕಡೆ ಪರಿಣಾಮ ಬೇಗ ಕಾಣುತ್ತದೆ. ಮೋಡೆಮ್ ಕೂಡಿಸಿ ಹೊರಡುವ ಮೊದಲು ಕೆಲಸಗಾರ ‘ಮೆಸೇಜ್ ಬರುತ್ತೆ ಸಾರ್, ದಯವಿಟ್ಟು ಹತ್ತು ಕೊಡಿ, ಇಲ್ಲಾಂದ್ರೆ ನನ್ನ ಸಂಬಳಕ್ಕೆ ಹೊಡೆತ’ ಎಂದು ಕೇಳುತ್ತಾನೆ. ಕೇಳಿದವನನ್ನು ದೂರುವಂತಿಲ್ಲ, ಅವನ ಹೊಟ್ಟೆಪಾಡನ್ನು ಆ ಅಂಕಿಗೆ ಕಟ್ಟಿದವರು ಬೇರೆ. ಇಂಥ ಹತ್ತುಗಳಿಗೆ ಗುರುತಿದೆ. ಅವು ಕೆಲಸ ಮುಗಿದ ಕೆಲವೇ ನಿಮಿಷಗಳಲ್ಲಿ ಬರುತ್ತವೆ, ಜೊತೆಯಲ್ಲಿ ಅನಿಸಿಕೆ ಇರುವುದಿಲ್ಲ, ಮತ್ತು ಕೆಲವೇ ಸಿಬ್ಬಂದಿಯ ಹೆಸರಿನಲ್ಲಿ ರಾಶಿ ಬೀಳುತ್ತವೆ. ಸಮೀಕ್ಷೆಯನ್ನು ಮೂರು ದಿನ ತಡಮಾಡಿ ಕಳುಹಿಸಿದಾಗ ಹೊಸ ಗ್ರಾಹಕರ ಸ್ಕೋರ್ ಇಳಿದರೆ, ಮೊದಲಿನ ಸ್ಕೋರಿನಲ್ಲಿ ಎಷ್ಟು ಕೇಳಿ ಪಡೆದದ್ದೆಂದು ಅಂದಾಜಾಗುತ್ತದೆ.

ಷೇರುದಾರರೂ ಪತ್ರಕರ್ತರೂ ಕೇಳಬೇಕಾದದ್ದು ಹೆಚ್ಚೇನಿಲ್ಲ: ಉತ್ತರಿಸಿದವರು ಎಷ್ಟು ಮಂದಿ, ಸಮೀಕ್ಷೆ ಕಳುಹಿಸಿದವರಲ್ಲಿ ಅವರು ಶೇಕಡಾ ಎಷ್ಟು, ಹೊಸಬರ ಪಾಲು ಕಳೆದ ಬಾರಿಗಿಂತ ಬದಲಾಗಿದೆಯೇ, ಮೂರೂ ಗುಂಪುಗಳ ಶೇಕಡಾವಾರು ಏನು. ಉತ್ತರಿಸಿದವರ ಸಂಖ್ಯೆ ಮತ್ತು ಗುಂಪುಗಳ ಶೇಕಡಾವಾರು ಕಂಪನಿಯ ಬಳಿ ಇದ್ದೇ ಇರುತ್ತವೆ, ಅವಿಲ್ಲದೆ ಸ್ಕೋರನ್ನು ಲೆಕ್ಕ ಹಾಕಿರಲು ಸಾಧ್ಯವಿಲ್ಲ.

ಉದಾಹರಣೆಯ ಕಂಪನಿ ಸರಿಯಾದ ದಾರಿಯನ್ನೇ ಹಿಡಿಯಿತೆಂದುಕೊಳ್ಳೋಣ. ಗ್ರಾಹಕರು ದೃಢಪಡಿಸದೆ ದೂರನ್ನು ಮುಗಿಸಬಾರದೆಂದು ನಿಯಮ ಮಾಡಿತು, ಹಳೆಯ ಗ್ರಾಹಕರಿಗೆ ಕರೆ ಮಾಡಿ ಅವರ ದೂರು ಏನಾಯಿತೆಂದು ತಿಳಿಸಿತು. ಮೂರನೆಯ ತ್ರೈಮಾಸಿಕದಲ್ಲಿ ಅವರು ಮತ್ತೆ ಉತ್ತರಿಸತೊಡಗಿದರು: 500 ಹಳಬರು, ಸ್ಕೋರ್ 14. 500 ಹೊಸಬರು, ಸ್ಕೋರ್ 46. ಎರಡೂ ಗುಂಪುಗಳ ಸ್ಕೋರ್ ಹಿಂದಿನ ತ್ರೈಮಾಸಿಕಕ್ಕಿಂತ ಮೇಲಿದೆ. ಒಟ್ಟು ಸ್ಕೋರ್ ಮಾತ್ರ 36ರಿಂದ 30ಕ್ಕೆ ಇಳಿದಿದೆ, ಮತ್ತು ಮರುದಿನದ ಸುದ್ದಿಯಲ್ಲಿ ಬರುವುದು ಆ 30.